ಜ್ವರ ಬಿಟ್ಟ ಮೇಲೂ ಬಿಡದ ಗಂಟುನೋವು

ಚಿಕುನ್‌ಗುನ್ಯಾ ಜ್ವರ ಹೆಚ್ಚಿನವರಿಗೆ ಒಂದು ವಾರದೊಳಗೆ ಇಳಿಯುತ್ತದೆ. ರಕ್ತದಲ್ಲಿ ವೈರಸ್ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಆದರೆ ಗಂಟುನೋವಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದೂ ನೇರವಾಗಿ ಕಡಿಮೆಯಾಗುತ್ತಾ ಹೋಗುವುದಿಲ್ಲ. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಜನ ಜಾಸ್ತಿ ಗಾಬರಿಯಾಗುವುದು ಇಲ್ಲೇ.

48 ವರ್ಷದ ಒಬ್ಬ ಮಹಿಳೆ ಎಂದಿಟ್ಟುಕೊಳ್ಳೋಣ. ಮಧ್ಯಾಹ್ನದವರೆಗೆ ಚೆನ್ನಾಗಿದ್ದರು, ಸಂಜೆ ಹೊತ್ತಿಗೆ 103 ಡಿಗ್ರಿ ಜ್ವರ. ರಾತ್ರಿ ಶೌಚಾಲಯಕ್ಕೆ ಎದ್ದಾಗ ಪಾದ ಊರಲಾಗಲಿಲ್ಲ, ಗೋಡೆ ಹಿಡಿದು ನಡೆದರು. ಮೂರನೇ ದಿನ ಮೈಮೇಲೆ ಕೆಂಪು ಗುಳ್ಳೆ. ಐದನೇ ದಿನ ಜ್ವರ ಬಿಟ್ಟಿತು. ಎರಡು ವಾರಕ್ಕೆ ನೋವು ಅರ್ಧ ಇಳಿದು, ಮನೆಕೆಲಸ ಶುರುಮಾಡಿದರು. ಐದನೇ ವಾರ ಒಂದು ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿಲ್ಲ. ನಲ್ಲಿ ತಿರುಗಿಸಲಾಗದು, ಒದ್ದೆ ಬಟ್ಟೆ ಹಿಂಡಲಾಗದು. ಎರಡೂ ಮಣಿಕಟ್ಟು ಊದಿವೆ. ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆ ನರಕ. ಒಂದು ಗಂಟೆ ಓಡಾಡಿದ ಮೇಲೆ ಬಿಗಿತ ಸಡಿಲವಾಗುತ್ತದೆ. ಮತ್ತೆ ಅರ್ಧ ಗಂಟೆ ಕೂತೆದ್ದರೆ ಅದೇ ಕಥೆ.

ಇದು ಈ ಕಾಯಿಲೆಯ ಮಾಮೂಲಿ ನಡವಳಿಕೆ. ನೋವು ಎರಡೂ ಪಕ್ಕದಲ್ಲಿ, ಅದರಲ್ಲೂ ಕೈಕಾಲಿನ ತುದಿಯ ಗಂಟುಗಳಲ್ಲಿ ಕೂರುತ್ತದೆ: ಬೆರಳು, ಮಣಿಕಟ್ಟು, ಪಾದದ ಗಂಟು. ಮೊಣಕಾಲು, ಭುಜವೂ ಸೇರಬಹುದು. ಹಿಂದೆ ಯಾವಾಗಲೋ ಉಳುಕಿದ ಗಂಟು, ಮೊದಲೇ ಸವೆದಿದ್ದ ಮಂಡಿ ಇದ್ದರೆ ಅಲ್ಲಿ ನೋವು ಇನ್ನೂ ಜೋರು. ಗಂಟಷ್ಟೇ ಅಲ್ಲ, ಅದರ ಸುತ್ತ ಸ್ನಾಯುರಜ್ಜು ಜಾರುವ ಕೊಳವೆಯಂಥ ಪೊರೆಯೂ ಊದುತ್ತದೆ. ಮಣಿಕಟ್ಟಿನಲ್ಲಿ ಆ ಊತ ನರವನ್ನು ಒತ್ತಿದರೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ರಾತ್ರಿ ಹೊತ್ತು ಜೋಮು ಹಿಡಿಯುತ್ತವೆ. ಕತ್ತಿನ ಮೂಳೆ ಸವೆದಿದೆ ಅಂತ ಅನೇಕರು ಸುಮ್ನೆ ಕತ್ತಿನ ಎಕ್ಸ್‌-ರೇ ತೆಗೆಸುತ್ತಾರೆ. ತೊಂದರೆ ಇರುವುದು ಮಣಿಕಟ್ಟಿನಲ್ಲಿ.

ವೈರಸ್ ರಕ್ತದಿಂದ ಹೋಯಿತಲ್ಲ, ಮತ್ತೆ ನೋವು ಯಾಕೆ? ಗಂಟಿನ ಒಳಗೋಡೆಗೆ ಒಂದು ತೆಳು ಪೊರೆ ಇದೆ. ವೈರಸ್ ಆ ಪೊರೆಯ ಜೀವಕೋಶಗಳಿಗೇ ನುಗ್ಗುತ್ತದೆ. ಅದನ್ನು ಹಿಡಿಯಲು ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳೂ ಟಿ ಕಣಗಳೂ ಒಟ್ಟಾಗಿ ಒಳಬರುತ್ತವೆ. ಇಂಟರ್‌ಲ್ಯೂಕಿನ್-6ರಂಥ ಬಾವು ಏರಿಸುವ ರಾಸಾಯನಿಕಗಳನ್ನು ಸುರಿಸುತ್ತವೆ. ನೋವು, ಊತ, ಬಿಸಿ ಎಲ್ಲಕ್ಕೂ ಇದೇ ಮೂಲ. ಕಳ್ಳ ಓಡಿಹೋದ ಮೇಲೂ ಮನೆಯವರು ದೊಣ್ಣೆ ಬೀಸುತ್ತಲೇ ಇದ್ದ ಹಾಗೆ.

ಕಳ್ಳ ನಿಜಕ್ಕೂ ಓಡಿಹೋಗಿದ್ದಾನಾ ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005-06ರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಈ ಜ್ವರ ಬಂದಿತ್ತು. ಅಲ್ಲಿನ ಒಬ್ಬ ರೋಗಿಯ ಗಂಟಿನ ಪೊರೆಯಲ್ಲಿ 18 ತಿಂಗಳ ನಂತರವೂ ವೈರಸ್‌ನ ತುಣುಕುಗಳು ಸಿಕ್ಕವು. ಆಮೇಲೆ ಕೊಲಂಬಿಯಾದಲ್ಲಿ, ಹೆಚ್ಚುಕಡಿಮೆ ಎರಡು ವರ್ಷದಿಂದ ನೋವು ಅನುಭವಿಸುತ್ತಿದ್ದವರ ಗಂಟಿನ ದ್ರವ ತೆಗೆದು ಹುಡುಕಿದಾಗ ವೈರಸ್ ಸಿಗಲಿಲ್ಲ. ಬೆಳೆಯಬಲ್ಲ ಜೀವಂತ ವೈರಸ್‌ಗಿಂತ ಅದರ ಅಳಿದುಳಿದ ಚೂರುಗಳು ರೋಗನಿರೋಧಕ ಕಣಗಳನ್ನು ಕೆಣಕುತ್ತಿರಬಹುದು ಅನ್ನುವುದು ನನಗೆ ಹೆಚ್ಚು ಒಪ್ಪುವ ವಿವರಣೆ.

ಇಲ್ಲಿಂದ ಒಂದು ಉಪಯೋಗದ ಮಾತು ಹುಟ್ಟುತ್ತದೆ. ಐದನೇ ವಾರದಲ್ಲಿ ರಕ್ತ ಪರೀಕ್ಷೆಯಲ್ಲಿ ಚಿಕುನ್‌ಗುನ್ಯಾ ಐಜಿಎಂ ಪಾಸಿಟಿವ್ ಬಂದರೆ, ವೈರಸ್ ಇನ್ನೂ ಮೈಯಲ್ಲಿ ಓಡಾಡುತ್ತಿದೆ ಅಂತ ಅರ್ಥವಲ್ಲ. ಐಜಿಎಂ ನಮ್ಮ ದೇಹ ಮಾಡಿದ ಪ್ರತಿಕಾಯ. ಅದು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಇತ್ತೀಚೆಗೆ ಸೋಂಕು ತಗುಲಿತ್ತು ಅನ್ನುವುದಕ್ಕಷ್ಟೇ ಅದು ಸಾಕ್ಷಿ. ನೆಗೆಟಿವ್ ಆಗುವವರೆಗೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸುವುದು ದುಡ್ಡಿಗೆ ದಂಡ.

ನಿಜವಾದ ಗೊಂದಲ ಇರುವುದು ರುಮಟಾಯ್ಡ್ ಸಂಧಿವಾತದ ಜೊತೆ, ಅಂದರೆ ರೋಗನಿರೋಧಕ ಕಣಗಳು ನಮ್ಮದೇ ಗಂಟುಗಳ ಮೇಲೆ ತಿರುಗಿಬೀಳುವ ಕಾಯಿಲೆಯ ಜೊತೆ. ಎರಡೂ ಪಕ್ಕದ ಸಣ್ಣ ಗಂಟುಗಳು, ಬೆಳಗಿನ ಬಿಗಿತ, ಆರು ವಾರ ದಾಟಿದ ನೋವು: ಕಾಗದದ ಮೇಲೆ ನೋಡಿದರೆ ಎರಡೂ ಒಂದೇ. ಬೇರ್ಪಡಿಸುವ ಮೊದಲ ಸುಳಿವು ಆರಂಭದಲ್ಲೇ ಇದೆ. ಚಿಕುನ್‌ಗುನ್ಯಾ ಆದವರು ನೋವು ಶುರುವಾದ ದಿನ ಮಾತ್ರವಲ್ಲ, ಗಂಟೆಯನ್ನೂ ಹೇಳಬಲ್ಲರು. ರುಮಟಾಯ್ಡ್ ಸಾಮಾನ್ಯವಾಗಿ ವಾರಗಳಲ್ಲಿ ಮೆಲ್ಲಗೆ ಏರುತ್ತದೆ. ಜೊತೆಗೆ ರುಮಟಾಯ್ಡ್ ಪತ್ತೆಗೆ ಮಾಡುವ ಆಂಟಿ-ಸಿಸಿಪಿ ರಕ್ತ ಪರೀಕ್ಷೆ ಚಿಕುನ್‌ಗುನ್ಯಾದಲ್ಲಿ ಬಹುತೇಕ ನೆಗೆಟಿವ್ ಇರುತ್ತದೆ. ಎಕ್ಸ್‌-ರೇಯಲ್ಲಿ ಮೂಳೆ ಕೊರೆದದ್ದು ಸಾಮಾನ್ಯವಾಗಿ ಕಾಣುವುದಿಲ್ಲ. ಆರ್‌ಎ ಫ್ಯಾಕ್ಟರ್ ಎಂಬ ಇನ್ನೊಂದು ರಕ್ತ ಪರೀಕ್ಷೆಯನ್ನಷ್ಟೇ ನಂಬಬಾರದು. ಬೇರೆ ಸೋಂಕುಗಳಲ್ಲೂ, ಆರೋಗ್ಯವಾಗಿರುವ ಕೆಲವರಲ್ಲೂ ಅದು ಸ್ವಲ್ಪ ಏರಿರುತ್ತದೆ. ಇನ್ನೊಂದು ಸಾಧ್ಯತೆಯನ್ನೂ ಮರೆಯುವಂತಿಲ್ಲ. ಒಳಗೇ ಅಡಗಿದ್ದ ರುಮಟಾಯ್ಡ್ ಈ ಜ್ವರದ ನಂತರ ತಲೆ ಎತ್ತಬಹುದು. ಹಾಗಾಗಿ ಎಲ್ಲವನ್ನೂ ಸೊಳ್ಳೆಯ ತಲೆಗೆ ಕಟ್ಟಲಾಗದು.

ಔಷಧ ಯಾವ ವಾರದಲ್ಲಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಜ್ವರದ ದಿನಗಳಲ್ಲಿ ಪ್ಯಾರಸಿಟಮಾಲ್ ಮಾತ್ರ. ಅದೇ ಸೊಳ್ಳೆ ಡೆಂಗಿಯನ್ನೂ ಹರಡುತ್ತದೆ. ಡೆಂಗಿ ಅಲ್ಲ ಎಂದು ಖಾತ್ರಿಯಾಗುವ ಮೊದಲು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿದರೆ ರಕ್ತಸ್ರಾವದ ಅಪಾಯ. ಆ ಹಂತ ದಾಟಿದ ಮೇಲೆ ಬಾವು ಇಳಿಸುವ ಈ ಮಾತ್ರೆಗಳೇ ಆಧಾರ, ಆದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಅಲ್ಲ.

ಸ್ಟೆರಾಯ್ಡ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಒಂದು ಇಂಜೆಕ್ಷನ್ ಕೊಟ್ಟರೆ ಮರುದಿನವೇ ರೋಗಿ ಎದ್ದು ಓಡಾಡುತ್ತಾರೆ, ವೈದ್ಯರಿಗೆ ಒಳ್ಳೆ ಹೆಸರು. ಪರಿಣಾಮ ಇಳಿದಾಗ ನೋವು ಇನ್ನಷ್ಟು ಜೋರಾಗಿ ಮರಳಬಹುದು. ಮತ್ತೆ ಇಂಜೆಕ್ಷನ್. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ದುಬಾರಿಯಾಗಿ ಪರಿಣಮಿಸುತ್ತದೆ. ಸ್ಟೆರಾಯ್ಡ್‌ಗೆ ಜಾಗವೇ ಇಲ್ಲ ಅಂತಲ್ಲ. ಜ್ವರದ ಹಂತ ದಾಟಿ, ಊತ ಎದ್ದು ಕಾಣುತ್ತಿದ್ದು, ಬೇರೆ ಮಾತ್ರೆ ಕೆಲಸ ಮಾಡದಿದ್ದಾಗ ಸಣ್ಣ ಪ್ರಮಾಣದಲ್ಲಿ, ಕೆಲವೇ ದಿನ, ಹಂತಹಂತವಾಗಿ ಇಳಿಸುತ್ತಾ ಕೊಡುವುದುಂಟು. ಮಲೇರಿಯಾದ ಮಾತ್ರೆ ಕ್ಲೋರೋಕ್ವಿನ್ ಮೇಲೂ ಹಿಂದೆ ಬಹಳ ಆಸೆ ಇತ್ತು. ರಿಯೂನಿಯನ್‌ನಲ್ಲಿ ಜ್ವರದ ಆರಂಭದಲ್ಲೇ ಅದನ್ನು ಕೊಟ್ಟು ನೋಡಿದರು. ಲಾಭ ಕಾಣಲಿಲ್ಲ.

ನಮ್ಮ ಆ ಮಹಿಳೆಗೆ ಐದನೇ ವಾರದಲ್ಲಿ ಬೇಕಾದದ್ದು ಇಷ್ಟು: ಒಂದೆರಡು ವಾರ ಬಾವಿನ ಮಾತ್ರೆ, ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸುವುದು, ಭಾರ ಎತ್ತದಿರುವುದು. ಪೂರ್ತಿ ಮಲಗಿಬಿಟ್ಟರೆ ಬಿಗಿತ ಜಾಸ್ತಿಯಾಗುತ್ತದೆ. ಮೂರು ತಿಂಗಳು ದಾಟಿಯೂ ಊತ ಉಳಿದರೆ ಅದನ್ನು ದೀರ್ಘಕಾಲದ ಸಂಧಿವಾತ ಅನ್ನುತ್ತಾರೆ. ಆಗ ಗಂಟು ಕಾಯಿಲೆಗಳ ತಜ್ಞರಾದ ರುಮಟಾಲಜಿ ವೈದ್ಯರು, ರೋಗನಿರೋಧಕ ಕಣಗಳ ಅಬ್ಬರ ತಗ್ಗಿಸುವ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್‌ನಂಥ ಔಷಧದ ಬಗ್ಗೆ ಯೋಚಿಸುತ್ತಾರೆ. 45 ದಾಟಿದವರು, ಮಹಿಳೆಯರು, ಆರಂಭದಲ್ಲೇ ನೋವು ತೀವ್ರವಾಗಿದ್ದವರು ಈ ಹಂತಕ್ಕೆ ಬರುವುದು ಹೆಚ್ಚು. ಹಾಗೆಯೇ ಒಂದೇ ಒಂದು ಗಂಟು ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಅದು ಈ ಕಾಯಿಲೆಯ ಮಾದರಿ ಅಲ್ಲ. ಗಂಟಿನಲ್ಲಿ ಕೀವು ಇರಬಹುದು, ಅದೇ ದಿನ ತೋರಿಸಬೇಕು.

ನೋವು ಮರಳಿದಾಗಲೆಲ್ಲ ಇನ್ನೊಂದು ಸೊಳ್ಳೆ ಕಚ್ಚಿತು ಅಂದುಕೊಳ್ಳುವವರೂ ಇದ್ದಾರೆ. ಒಮ್ಮೆ ಚಿಕುನ್‌ಗುನ್ಯಾ ಬಂದವರಿಗೆ ಅದರ ವಿರುದ್ಧ ರಕ್ಷಣೆ ಬಹಳ ವರ್ಷ ಉಳಿಯುತ್ತದೆ, ಎರಡನೇ ಸಲ ಬರುವುದು ತೀರಾ ಅಪರೂಪ. ಹಾಗಾಗಿ ಐದನೇ ವಾರದ ನೋವು ಹಳೆಯದರ ಮುಂದುವರಿಕೆಯೇ. ಅದರ ಜೊತೆ ಹೊಸದಾಗಿ ಜೋರು ಜ್ವರ ಬಂತು ಅಂದರೆ ಮಾತ್ರ ಹಳೆಯ ಚೀಟಿಯ ಮಾತ್ರೆ ನುಂಗದೆ ಡೆಂಗಿ ಪರೀಕ್ಷೆ ಮಾಡಿಸಬೇಕು.