ಬಿಲ್ಲಲ್ಲಿ ಒಂದು ಸೀರಿಯಲ್ ನಂಬರ್, ವಾರಂಟಿ ಕಾರ್ಡಲ್ಲಿ ಇನ್ನೊಂದು: ಕಂಪೆನಿಗೆ ಇಮೇಲ್ ಮಾಡುವಾಗ ಯಾವ್ದು ಬರಿಬೇಕು?

ಪ್ರಶ್ನೆ ಬಂದದ್ದು ಬ್ರಹ್ಮಾವರದ ಒಬ್ರು ಅಕ್ಕನಿಂದ. "ನಮ್ಮ ವಾಷಿಂಗ್ ಮೆಷಿನ್ ನಿನ್ನೆಯಿಂದ ಸ್ಪಿನ್ ಆಗ್ತಾ ಇಲ್ಲ, ನೀರು ಖಾಲಿ ಆಗಿ ಅಲ್ಲೇ ನಿಲ್ತದೆ. ಉಡುಪಿಯ ಅಂಗಡಿಯಲ್ಲಿ ತಗೊಂಡದ್ದು, ಎರಡು ವರ್ಷದ ವಾರಂಟಿ ಉಂಟು, ಇನ್ನೂ ಮುಗಿಲಿಲ್ಲ ಅಂತ ಲೆಕ್ಕ. ಟೋಲ್ ಫ್ರೀಗೆ ಫೋನ್ ಮಾಡಿ ಬಿಲ್ಲಲ್ಲಿದ್ದ ಸೀರಿಯಲ್ ನಂಬರ್ ಹೇಳಿದ್ರೆ ಅಂಥ ನಂಬರೇ ಇಲ್ಲ ಅಂತಾರೆ, ಇಮೇಲ್ ಮಾಡಿ ಅಂದ್ರು. ನೋಡಿದ್ರೆ ವಾರಂಟಿ ಕಾರ್ಡಲ್ಲಿ ಬೇರೆಯೇ ನಂಬರ್ ಉಂಟು. ಈಗ ಯಾವ್ದು ಬರಿಬೇಕು?" ಜೊತೆಗೆ ಮೂರು ಸ್ಕ್ರೀನ್‌ಶಾಟ್ ಕಳ್ಸಿದ್ರು, ಒಂದು ಇನ್ವಾಯ್ಸಿದ್ದು, ಒಂದು ವಾರಂಟಿ ಕಾರ್ಡಿದ್ದು, ಇನ್ನೊಂದು ಕ್ರೆಡಿಟ್ ಕಾರ್ಡಲ್ಲಿ ದುಡ್ಡು ಕಟ್ಟಿದ್ದು.

ಉತ್ತರ ಮೊದ್ಲೇ ಹೇಳ್ತೇನೆ: ಎರಡೂ ಅಲ್ಲ ಅಕ್ಕ, ಮೆಷಿನ್ ಮೇಲೆ ಅಂಟಿಸಿದ ಸ್ಟಿಕ್ಕರಲ್ಲಿ ಎಂತ ಉಂಟೋ ಅದು. ಕಂಪೆನಿಯವರ ಸಿಸ್ಟಮಲ್ಲಿ ಇರುದು ಫ್ಯಾಕ್ಟರಿಯಿಂದ ಹೋದ ನಂಬರ್, ಅದು ಸ್ಟಿಕ್ಕರಲ್ಲಿ ಮಾತ್ರ ತಪ್ಪಿಲ್ಲದೆ ಇರ್ತದೆ. ಬಿಲ್ಲಿಗೆ ಕೌಂಟರಲ್ಲಿ ಕೂತವ್ರು ಟೈಪ್ ಮಾಡಿದ್ದು, ಕಾರ್ಡಿಗೆ ಅಂಗಡಿಯ ಹುಡುಗ ಕೈಯಲ್ಲಿ ಬರ್ದದ್ದು, ಎರಡ್ರಲ್ಲೂ ಮನುಷ್ಯರ ಕೈ ಉಂಟು. ನಾನು ಕೆಲವು ವರ್ಷ ಮಂಗಳೂರಲ್ಲಿ ಇಂಥದ್ದೇ ಅಂಗಡಿಯ ಸರ್ವಿಸ್ ಟೇಬಲಲ್ಲಿ ಕೂತಿದ್ದೆ, ಶನಿವಾರ ಸಂಜೆ ರಶ್ಶಲ್ಲಿ ಹದಿಮೂರು ಅಕ್ಷರದ ನಂಬರನ್ನು ಗೋಡೌನಿಂದ ಫೋನಲ್ಲಿ ಓದಿ ಹೇಳ್ತಾರೆ, ಇಲ್ಲಿ ಟೈಪ್ ಮಾಡ್ತಾರೆ, ತಪ್ಪು ಆಗುದು ಹಾಗೆ.

ಅಕ್ಕನ ಹತ್ರ ಮೆಷಿನಿನ ಬಾಗಿಲು ತೆಗ್ದು ಅಂಚಲ್ಲಿ ನೋಡಿ, ಅಲ್ಲಿ ಇಲ್ಲದಿದ್ರೆ ಹಿಂದೆ ಉಂಟಾ ನೋಡಿ, ಫೋಟೋ ತೆಗೀರಿ ಅಂದೆ. ಬಂತು. ಮೂರನ್ನೂ ಒಂದ್ರ ಕೆಳಗೆ ಒಂದು ಇಟ್ಟು ನೋಡಿದ್ರೆ ಹೀಗೆ (ನಂಬರ್ ಸ್ವಲ್ಪ ಬದ್ಲು ಮಾಡಿದ್ದೇನೆ):

```
ಇನ್ವಾಯ್ಸ್ : 30680K4471829
ಕಾರ್ಡ್    : 306B0K4471892
ಮೆಷಿನ್    : 306B0K4471829
```

ಮೂರು ಕಡೆ ಮೂರು ನಂಬರ್! ಆದ್ರೆ ಹೆದರ್ಲಿಕ್ಕೆ ಎಂತ ಇಲ್ಲ, ತಪ್ಪು ಯಾವ ಜಾತಿಯದ್ದು ಅಂತ ನೋಡಿದ್ರೆ ಸಾಕು. ಇನ್ವಾಯ್ಸಲ್ಲಿ ಬಿ ಅಕ್ಷರ ಇರ್ಬೇಕಾದ ಜಾಗದಲ್ಲಿ 8 ಬಂದಿದೆ, ಉಳಿದದ್ದೆಲ್ಲ ಸರಿ. ಕಾರ್ಡಲ್ಲಿ ಕೊನೆಯ 29 ತಿರುಗಿ 92 ಆಗಿದೆ. ಎರಡೂ ಕಣ್ಣು-ಕೈಯ ತಪ್ಪು, ಮೆಷಿನ್ ಒಂದೇ. ಬಿ ಮತ್ತು 8, ಓ ಮತ್ತು ಸೊನ್ನೆ, ಐ ಮತ್ತು 1, ಎಸ್ ಮತ್ತು 5, ಇವು ಯಾವಾಗ್ಲೂ ಅದ್ಲುಬದ್ಲು ಆಗುವಂಥವು. ನಿಮಗೇ ಸ್ಟಿಕ್ಕರ್ ಓದುವಾಗ ಸಂಶಯ ಬಂದ್ರೆ ನಂಬರಿನ ಹತ್ರ ಇರುವ ಬಾರ್‌ಕೋಡನ್ನು ಫೋನಿನ ಗೂಗಲ್ ಲೆನ್ಸಲ್ಲಿ ಸ್ಕ್ಯಾನ್ ಮಾಡಿ, ಅದು ಅಕ್ಷರ ಯಾವ್ದು ಅಂಕೆ ಯಾವ್ದು ಅಂತ ಸರಿಯಾಗಿ ಕೊಡ್ತದೆ. ಆದ್ರೆ ಒಂದೇ ಸ್ಟಿಕ್ಕರಲ್ಲಿ ಎರಡು ಮೂರು ಬಾರ್‌ಕೋಡ್ ಇರುದುಂಟು, S/N ಅಂತ ಬರ್ದಿರುವುದನ್ನೇ ಹಿಡೀರಿ.

ಇನ್ನೊಂದು ಜಾತಿಯ ತಪ್ಪು ಉಂಟು, ಅದು ಸ್ವಲ್ಪ ತಲೆನೋವಿನದ್ದು. ಕೊನೆಯ ನಾಲ್ಕೈದು ಅಂಕೆ ಪೂರ್ತಿ ಬೇರೆ ಇದ್ರೆ ಬಿಲ್ಲು ಒಂದು ಬಾಕ್ಸಿಗೆ ಆಗಿ ನಿಮ್ಮ ಮನೆಗೆ ಪಕ್ಕದ ಬಾಕ್ಸ್ ಬಂದಿರ್ಬಹುದು, ಗೋಡೌನಲ್ಲಿ ಒಂದೇ ಮಾಡೆಲಿನದ್ದು ಸಾಲಾಗಿ ಇಟ್ಟಿರ್ತಾರಲ್ಲ. ಆಗ ನೀವು ಬರೀ ಟೈಪಿಂಗ್ ಮಿಸ್ಟೇಕ್ ಅಂತ ಬರ್ದ್ರೆ ಆಗುದಿಲ್ಲ, ಅಂಗಡಿಯವರ ಲೆಟರ್‌ಹೆಡ್ಡಲ್ಲಿ "ಇಂಥ ನಂಬರಿನ ಇನ್ವಾಯ್ಸಿಗೆ ಇಂಥ ಸೀರಿಯಲ್ಲಿನ ಮೆಷಿನನ್ನು ಡೆಲಿವರಿ ಮಾಡಿದ್ದೇವೆ" ಅಂತ ಎರಡು ಸಾಲು, ಸೀಲು, ಸಹಿ ತಗೊಂಡೇ ಇಮೇಲ್ ಕಳ್ಸಿ. ಮತ್ತೆ ಮೆಷಿನ್ ಕೂರಿಸ್ಲಿಕ್ಕೆ ಬಂದ ಟೆಕ್ನಿಷಿಯನ್ ಕೊಟ್ಟ ಜಾಬ್‌ಶೀಟ್ ಮನೆಯಲ್ಲಿ ಎಲ್ಲಾದ್ರೂ ಉಂಟಾ ಹುಡುಕಿ. ಅದ್ರಲ್ಲಿ ಅವ್ನು ಮೆಷಿನ್ ನೋಡಿ ಬರ್ದ ನಂಬರ್ ಇರ್ತದೆ, ಕಂಪೆನಿ ಕಳ್ಸಿದ ಜನವೇ ಬರ್ದದ್ದು ಆದ ಕಾರಣ ಅದಕ್ಕೆ ತೂಕ ಜಾಸ್ತಿ.

ಕಾರ್ಡಲ್ಲಿ ತಪ್ಪುಂಟು ಅಂತ ಪೆನ್ನು ಹಿಡ್ದು ನೀವೇ ತಿದ್ಲಿಕ್ಕೆ ಹೋಗ್ಬೇಡಿ ದಯವಿಟ್ಟು. ತಿದ್ದಿದ ಕಾರ್ಡ್ ಅಂದ್ರೆ ಹೆಚ್ಚಿನ ಕಂಪೆನಿಯ ನಿಯಮದಲ್ಲಿ ವಾರಂಟಿಯೇ ಹೋಗ್ತದೆ. ಇದ್ದ ಹಾಗೆ ಫೋಟೋ ತೆಗೀರಿ, ತಪ್ಪನ್ನು ಇಮೇಲಲ್ಲಿ ನೀವೇ ಹೇಳಿ. ನೀವು ಹೇಳದೆ ಅವ್ರೇ ಕಂಡ್ಕೊಂಡ್ರೆ ಪೇಪರ್ ಬೇರೆ ಮೆಷಿನಿದ್ದು ಅಂತ ಅಲ್ಲಿಗೇ ನಿಲ್ಲಿಸ್ತಾರೆ, ನೀವೇ ಮೊದ್ಲು ಹೇಳಿದ್ರೆ ಅದು ಒಂದು ಸಾಲಲ್ಲಿ ಮುಗಿಯುವ ವಿಷಯ.

ಈಗ ತಾರೀಕಿನ ಕಥೆ. ನಂಗೆ ಸೀರಿಯಲ್ ನಂಬರಿಗಿಂತ ಹೆಚ್ಚು ಭಯ ಆದದ್ದು ಇದನ್ನು ನೋಡಿ. ಅಕ್ಕ ಬರ್ದಿಟ್ಟ ಕರಡು ಇಮೇಲಲ್ಲಿ "24-06-2023ಕ್ಕೆ ಖರೀದಿ" ಅಂತ ಇತ್ತು. ಅದು ಎಲ್ಲಿಂದ ಬಂತು ಕೇಳಿದ್ರೆ ಕ್ರೆಡಿಟ್ ಕಾರ್ಡಿನ ಸ್ಕ್ರೀನ್‌ಶಾಟಿಂದ. ಆ ದಿನ ಸ್ಟಾಕ್ ಇರ್ಲಿಲ್ಲ, ಪೂರ್ತಿ ದುಡ್ಡು ಕಟ್ಟಿ ಬುಕ್ ಮಾಡಿ ಬಂದಿದ್ರು. ಮೆಷಿನ್ ಬಂದ ಮೇಲೆ ಇನ್ವಾಯ್ಸ್ ಆದದ್ದು 28ಕ್ಕೆ, ಮನೆಯಲ್ಲಿ ಕೂರಿಸಿದ್ದು ಜುಲೈ 1ಕ್ಕೆ. ಮೆಷಿನ್ ಹಾಳಾದದ್ದು 2025 ಜೂನ್ 25. ಈಗ ಲೆಕ್ಕ ಹಾಕಿ: 24ರಿಂದ ಎರಡು ವರ್ಷ ಅಂದ್ರೆ 2025 ಜೂನ್ 23ಕ್ಕೆ ವಾರಂಟಿ ಮುಗ್ದೇ ಹೋಗಿದೆ, 28ರಿಂದ ಅಂದ್ರೆ ಜೂನ್ 27ರ ವರೆಗೆ ಉಂಟು. ಒಂದು ತಪ್ಪು ತಾರೀಕಿಂದ ತನ್ನ ಕೈಯಾರೆ ಕ್ಲೇಮ್ ಕಳ್ಕೊಳ್ಳುವವ್ರಿದ್ರು ಅಕ್ಕ.

ಖರೀದಿಯ ತಾರೀಕು ಅಂದ್ರೆ ಇನ್ವಾಯ್ಸಿನ ತಾರೀಕು. ಕಾರ್ಡ್ ಉಜ್ಜಿದ ದಿನ ಅಲ್ಲ, ಆರ್ಡರ್ ಕೊಟ್ಟ ದಿನವೂ ಅಲ್ಲ. ಕೂರಿಸಿದ ದಿನದಿಂದ ಲೆಕ್ಕ ಅಂತ ನಿಮ್ಮ ವಾರಂಟಿ ಕಾರ್ಡಿನ ಹಿಂದೆಯೇ ಬರ್ದಿದ್ರೆ ಮಾತ್ರ ಆ ದಿನ ಹಿಡೀಬಹುದು, ಇಲ್ಲದಿದ್ರೆ ಅದನ್ನು ಹಠ ಮಾಡ್ಬೇಡಿ. ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೀರಿ, 05/06 ಅಂತ ಬರ್ದ್ರೆ ಕೆಲವು ಸಿಸ್ಟಮ್ ಮೇ 6 ಅಂತ ಓದ್ತದೆ.

ಹಾಗಾದ್ರೆ ಆ ಕ್ರೆಡಿಟ್ ಕಾರ್ಡಿನ ಸ್ಕ್ರೀನ್‌ಶಾಟ್ ಎಂತಕ್ಕೆ? ಇನ್ವಾಯ್ಸ್ ಸರಿಯಾಗಿ ಇದ್ರೆ ಅದು ಬೇಡ್ವೇ ಬೇಡ. ಇನ್ವಾಯ್ಸ್ ಮಾಸಿ ಹೋಗಿದ್ರೆ ಮಾತ್ರ ಅದು ಜೊತೆಗೆ ಒಂದು ಸಾಕ್ಷಿ ಆಗ್ತದೆ, ನಮ್ಮ ಊರಿನ ಸೆಕೆಗೆ ಆ ಥರ್ಮಲ್ ಪೇಪರಿನ ಬಿಲ್ಲು ಒಂದೆರಡು ವರ್ಷದಲ್ಲಿ ಬಿಳಿ ಕಾಗದ ಆಗಿ ಬಿಡ್ತದೆ. ಆ ಸ್ಕ್ರೀನ್‌ಶಾಟಲ್ಲಿ ಮಾಡೆಲ್, ಸೀರಿಯಲ್ ಇರುದಿಲ್ಲ, ಇಂಥ ದಿನ ಇಂಥ ಅಂಗಡಿಗೆ ಇಷ್ಟು ದುಡ್ಡು ಹೋಗಿದೆ ಅಂತ ಮಾತ್ರ. ಕಳ್ಸುದಾದ್ರೆ ಆ ಒಂದು ಸಾಲು ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕೆ ಬಿಟ್ಟು ಉಳಿದದ್ದೆಲ್ಲ ಕಪ್ಪು ಮಾಡಿ. ಕ್ರೆಡಿಟ್ ಕಾರ್ಡಿನ ಫೋಟೋ ಅಂತೂ ಯಾವ ಕಾರಣಕ್ಕೂ ಬೇಡ, ಯಾವ ಕಂಪೆನಿಗೂ ಅದು ಬೇಕಾಗುದಿಲ್ಲ.

ಇನ್ವಾಯ್ಸಿನ ಸ್ಕ್ರೀನ್‌ಶಾಟಲ್ಲಿ ಮಾತ್ರ ಉಲ್ಟಾ, ಎಂತದ್ದನ್ನೂ ಕತ್ತರಿಸ್ಬೇಡಿ. ಅಕ್ಕ ಕಳ್ಸಿದ್ದು ಮಾಡೆಲ್ ಇದ್ದ ಸಾಲು ಮಾತ್ರ, ಮೇಲಿನ ಅಂಗಡಿ ಹೆಸರು, ಜಿಎಸ್‌ಟಿ ನಂಬರ್, ಇನ್ವಾಯ್ಸ್ ನಂಬರ್, ತಾರೀಕು ಎಲ್ಲ ಹೋಗಿತ್ತು. ಅದು ಅಂಗಡಿಯ ಬಿಲ್ಲು ಅಂತ ತೋರಿಸುದೇ ಆ ಭಾಗ. ಅಂಗಡಿಯವ್ರು ಪಿಡಿಎಫ್ ಕಳ್ಸಿದ್ರೆ ಪಿಡಿಎಫ್ಫೇ ಹಾಕಿ. ಕಾಗದದ ಬಿಲ್ಲಾದ್ರೆ ಇಡೀ ಹಾಳೆಯ ಫೋಟೋ, ಅದನ್ನು ವಾಟ್ಸಾಪಲ್ಲಿ ಮಗನಿಗೆ ಕಳ್ಸಿ ಅವ್ನು ಇಮೇಲ್ ಮಾಡುದಾದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ, ಫೋಟೋ ಅಂತ ಕಳ್ಸಿದ್ರೆ ಸೈಜ್ ಕಮ್ಮಿ ಆಗಿ ಮತ್ತೆ ಆ ಬಿ-ಎಂಟರ ಗೊಂದಲವೇ ಬರುದು.

ಮಾಡೆಲ್ ವಿಷಯ ಸಣ್ಣದು. ಬಿಲ್ಲಲ್ಲಿ ಹೆಚ್ಚಾಗಿ ಗಿಡ್ಡ ಮಾಡಿ ಬರ್ದಿರ್ತಾರೆ, ಸ್ಟಿಕ್ಕರಲ್ಲಿ ಕೊನೆಗೆ ಇನ್ನೆರಡು ಅಕ್ಷರ ಇರ್ತದೆ, ಬಣ್ಣಕ್ಕೋ ವರ್ಷಕ್ಕೋ. ಸ್ಟಿಕ್ಕರಿನದ್ದು ಪೂರ್ತಿ ಬರೀರಿ, ಯಾಕಂದ್ರೆ ರಿಪೇರಿಗೆ ಬೇಕಾದ ಎಲೆಕ್ಟ್ರಾನಿಕ್ ಬೋರ್ಡ್ ಆರ್ಡರ್ ಮಾಡುದು ಆ ಪೂರ್ತಿ ನಂಬರ್ ನೋಡಿ.

ಸಬ್ಜೆಕ್ಟ್ ಸಾಲಲ್ಲೇ ಮಾಡೆಲ್, ಸೀರಿಯಲ್, ಖರೀದಿಯ ತಾರೀಕು ಮೂರೂ ಬರ್ಲಿ, ಓದುವವ್ರು ಇಮೇಲ್ ತೆರೆಯುವ ಮೊದ್ಲೇ ಸಿಸ್ಟಮಲ್ಲಿ ಹುಡುಕ್ಬಹುದು:

```
Warranty claim - WFX7012SB - S/N 306B0K4471829 - Purchased 28 Jun 2023
```

ಒಳಗೆ ಬರ್ದದ್ದು ಹೆಚ್ಚು ಕಮ್ಮಿ ಹೀಗೆ, ನೀವು ಇಂಗ್ಲಿಷಲ್ಲಿ ಬರೆಯುದಾದ್ರೂ ಇದೇ ಸಾಲು ಸಾಕು: "ಮೇಲಿನ ಮೆಷಿನನ್ನು ಉಡುಪಿಯ ನಿಮ್ಮ ಡೀಲರಿಂದ 28 ಜೂನ್ 2023ಕ್ಕೆ ಖರೀದಿಸಿದ್ದೇನೆ, ಇನ್ವಾಯ್ಸ್ ಲಗತ್ತಿಸಿದ್ದೇನೆ. 25 ಜೂನ್ 2025ರಿಂದ ನೀರು ಖಾಲಿಯಾದ ಮೇಲೆ ಡ್ರಮ್ ತಿರುಗುತ್ತಿಲ್ಲ, ವಿಡಿಯೋ ಲಗತ್ತಿಸಿದ್ದೇನೆ. ಮೆಷಿನಿನ ಸ್ಟಿಕ್ಕರಿನ ಪ್ರಕಾರ ಸೀರಿಯಲ್ ನಂಬರ್ 306B0K4471829. ಇನ್ವಾಯ್ಸಿನಲ್ಲಿ ನಾಲ್ಕನೇ ಅಕ್ಷರ ತಪ್ಪಾಗಿ 8 ಎಂದು, ವಾರಂಟಿ ಕಾರ್ಡಿನಲ್ಲಿ ಕೊನೆಯ ಎರಡು ಅಂಕೆ ಹಿಂದೆ ಮುಂದಾಗಿ ನಮೂದಾಗಿದೆ, ಸ್ಟಿಕ್ಕರಿನ ಫೋಟೋ ನೋಡಿ. ವಾರಂಟಿ 27 ಜೂನ್ 2025ರವರೆಗೆ ಇರುವುದರಿಂದ ಈ ಇಮೇಲಿನ ದಿನವನ್ನೇ ದೂರಿನ ದಿನವೆಂದು ದಾಖಲಿಸಿ ದೂರಿನ ಸಂಖ್ಯೆ ತಿಳಿಸಿ." ಕೆಳಗೆ ವಿಳಾಸ, ಪಿನ್‌ಕೋಡ್, ಫೋನ್ ನಂಬರ್.

ಆ ಕೊನೆಯ ಸಾಲನ್ನು ಬಿಡ್ಬೇಡಿ. ಟೆಕ್ನಿಷಿಯನ್ ಜುಲೈ 5ಕ್ಕೆ ಬಂದು ವಾರಂಟಿ ಮುಗ್ದಿದೆ ಅಂದ್ರೆ ತೋರಿಸ್ಲಿಕ್ಕೆ ಅದೇ ಉಂಟು, ಹಾಳಾದದ್ದೂ ತಿಳಿಸಿದ್ದೂ ವಾರಂಟಿ ಒಳಗೆ ಅಂತ. ಮತ್ತೆ ಯಾಕೆ ಹಾಳಾಯ್ತು ಅಂತ ಊಹೆ ಬರೀಬೇಡಿ, "ಬೋರ್ಡ್ ತುಕ್ಕು ಹಿಡ್ದಿರ್ಬೇಕು, ನಮ್ದು ಕಡಲ ಹತ್ರ" ಅಂತ ಅಕ್ಕ ಬರ್ದಿದ್ರು, ತುಕ್ಕು ಮತ್ತು ಇಲಿ ಕಡ್ದದ್ದು ಹೆಚ್ಚಿನ ವಾರಂಟಿಯಿಂದ ಹೊರಗೆ. ಕಂಡದ್ದು ಮಾತ್ರ ಬರೀರಿ. ಸಿಡಿಲು ಬಂದ ರಾತ್ರಿಯೇ ನಿಂತದ್ದಾದ್ರೆ ಮಾತ್ರ ಅವ್ರು ಕೇಳಿದಾಗ ನಿಜ ಹೇಳಿ, ಬೋರ್ಡ್ ಸುಟ್ಟದ್ದು ಬಿಚ್ಚಿದ ಕೂಡ್ಲೆ ಗೊತ್ತಾಗ್ತದೆ.

ಉತ್ತರ ಬರದಿದ್ರೆ ಹೊಸ ಇಮೇಲ್ ಶುರು ಮಾಡ್ಬೇಡಿ, ಅದಕ್ಕೇ ರಿಪ್ಲೈ ಮಾಡಿ, ಮೊದಲಿನ ತಾರೀಕು ಕೆಳಗೆ ಕಾಣ್ತಾ ಇರ್ಬೇಕು. ಆಮೇಲೂ ಇಲ್ಲದಿದ್ರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕೂಡ ಇದೇ ಇಮೇಲ್ ಕೇಳ್ತಾರೆ. ಅದ್ರ ಮೇಲೆ ಜಿಲ್ಲಾ ಗ್ರಾಹಕರ ಆಯೋಗ ಉಂಟು, 2019ರ ಕಾಯ್ದೆ ಪ್ರಕಾರ ದೂರಿನ ಕಾರಣ ಹುಟ್ಟಿ ಎರಡು ವರ್ಷದ ಒಳಗೆ ಹೋಗ್ಬೇಕು.

ಅಕ್ಕನಿಗೆ ಮರುದಿನವೇ ದೂರಿನ ನಂಬರ್ ಬಂತು. ಟೆಕ್ನಿಷಿಯನ್ ಬಂದು ಸ್ಟಿಕ್ಕರ್ ಸ್ಕ್ಯಾನ್ ಮಾಡಿ ಬೋರ್ಡ್ ಬದಲಾಯಿಸಿದ. ಹೋಗುವಾಗ ಕೊಟ್ಟ ಜಾಬ್‌ಶೀಟಲ್ಲಿ ಸೀರಿಯಲ್ ಸರಿ ಉಂಟಾ ಅಂತ ಒಂದೊಂದೇ ಅಕ್ಷರ ಓದಿ ನೋಡಿ, ಆಮೇಲೆ ಸಹಿ ಹಾಕಿ ಅಂತ ಹೇಳಿದ್ದೆ, ಹಾಗೇ ಮಾಡಿದ್ರು. ಆ ಮೆಷಿನಿನ ಮೋಟರಿಗೆ ಹತ್ತು ವರ್ಷ ವಾರಂಟಿ ಉಂಟು, ಮುಂದೆ ಅದು ಬೇಕಾದ್ರೆ ಆ ಶೀಟನ್ನು ಇನ್ವಾಯ್ಸಿಗೆ ಪಿನ್ ಮಾಡಿ ಇಟ್ಟಿದ್ದಾರೆ.