ಚೆಲುವರೆಂದು ನಡೆಸಿಕೊಂಡರೆ ಆಕರ್ಷಣೆ ಹೆಚ್ಚುತ್ತದೆಯೇ?

ಓದುಗರ ಪ್ರಶ್ನೆ: ನೋಡಲು ಚೆನ್ನಾಗಿರುವವರಲ್ಲಿ ಆತ್ಮವಿಶ್ವಾಸವೂ ಹೆಚ್ಚು, ಅವರ ಮಾತೂ ಸಲೀಸು ಎಂದು ಅನೇಕರು ಹೇಳುತ್ತಾರೆ. ಇದು ಅವರಲ್ಲಿ ಮೊದಲಿನಿಂದಲೂ ಇರುವ ಗುಣವೇ, ಅಥವಾ ಜನ ಅವರನ್ನು ನಡೆಸಿಕೊಳ್ಳುವ ರೀತಿಯಿಂದ ಬರುವಂಥದ್ದೇ?

ಉತ್ತರ: ಎರಡನೆಯದರಲ್ಲಿ ಸಾಕಷ್ಟು ನಿಜವಿದೆ. ಆದರೆ ಅದು ನಡೆಯುವ ಕ್ರಮ ನಾವು ಸಾಮಾನ್ಯವಾಗಿ ಊಹಿಸುವಂತಿಲ್ಲ. ಇದನ್ನು ತಿಳಿಯಲು ಮಾರ್ಕ್ ಸ್ನೈಡರ್, ಎಲಿಜಬೆತ್ ಟ್ಯಾಂಕಿ ಮತ್ತು ಎಲೆನ್ ಬರ್ಷೀಡ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆಸಿ 1977ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಅವರು ಪರಸ್ಪರ ಪರಿಚಯವಿಲ್ಲದ ಒಬ್ಬ ವಿದ್ಯಾರ್ಥಿ ಮತ್ತು ಒಬ್ಬ ವಿದ್ಯಾರ್ಥಿನಿಯನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಫೋನಿನಂಥ ವ್ಯವಸ್ಥೆಯ ಮೂಲಕ ಹತ್ತು ನಿಮಿಷ ಮಾತನಾಡಲು ಹೇಳಿದರು. ಮಾತಿಗೆ ಮುಂಚೆ ಹುಡುಗನ ಕೈಗೆ ಒಂದು ಫೋಟೋ ಕೊಟ್ಟು, ಆಚೆ ಕಡೆಯಲ್ಲಿರುವವಳು ಇವಳೇ ಎಂದು ನಂಬಿಸಲಾಯಿತು. ವಾಸ್ತವದಲ್ಲಿ ಅದು ಬೇರೆ ಯಾರದೋ ಫೋಟೋ: ಕೆಲವರಿಗೆ ಸಿಕ್ಕಿದ್ದು ಬಹಳ ಚೆಲುವೆ ಎಂದು ಇತರರು ಅಂಕ ಕೊಟ್ಟಿದ್ದವಳದು, ಉಳಿದವರಿಗೆ ಸಿಕ್ಕಿದ್ದು ತೀರಾ ಕಡಿಮೆ ಅಂಕ ಪಡೆದವಳದು. ಯಾರಿಗೆ ಯಾವ ಫೋಟೋ ಎಂಬುದು ಅದೃಷ್ಟದ ಮೇಲೆ ನಿರ್ಧಾರವಾಗಿದ್ದರಿಂದ, ಮಾತನಾಡುತ್ತಿದ್ದ ಹುಡುಗಿಯ ನಿಜವಾದ ರೂಪಕ್ಕೂ ಆ ಫೋಟೋಗೂ ಯಾವ ಸಂಬಂಧವೂ ಇರಲಿಲ್ಲ. ಫೋಟೋದ ವಿಷಯವೇ ಹುಡುಗಿಗೆ ಗೊತ್ತಿರಲಿಲ್ಲ.

ಆಮೇಲೆ ಮಾಡಿದ ಕೆಲಸವೇ ಈ ಪ್ರಯೋಗದ ಜಾಣ್ಮೆ. ಇಬ್ಬರ ಧ್ವನಿಯನ್ನೂ ಪ್ರತ್ಯೇಕವಾಗಿ ಮುದ್ರಿಸಿಕೊಂಡಿದ್ದರಿಂದ, ಏನೂ ತಿಳಿಯದ ತೀರ್ಪುಗಾರರಿಗೆ ಹುಡುಗಿಯ ಮಾತನ್ನು ಮಾತ್ರ ಕೇಳಿಸಲು ಸಾಧ್ಯವಾಯಿತು. ಚೆಲುವೆ ಎಂದು ಎದುರಿನವನು ನಂಬಿದ್ದ ಹುಡುಗಿಯರು ತೀರ್ಪುಗಾರರ ಕಿವಿಗೆ ಹೆಚ್ಚು ಸ್ನೇಹಪರರಾಗಿ, ಹಿತವಾಗಿ, ಬೆರೆಯುವ ಸ್ವಭಾವದವರಾಗಿ ಕಂಡರು. ಹುಡುಗರ ಧ್ವನಿಯನ್ನು ಮಾತ್ರ ಕೇಳಿದಾಗ ಕಾರಣವೂ ಹೊರಬಿತ್ತು: ಚೆಲುವೆಯೊಡನೆ ಮಾತನಾಡುತ್ತಿದ್ದೇನೆ ಎಂದುಕೊಂಡವರು ತಾವೇ ಹೆಚ್ಚು ಲವಲವಿಕೆಯಿಂದ, ಹಾಸ್ಯದಿಂದ, ಆಸಕ್ತಿಯಿಂದ ಮಾತನಾಡಿದ್ದರು. ಹೀಗೆ ಮಾತನಾಡುವವನು ಸಾಮಾನ್ಯವಾಗಿ ಏನು ಮಾಡುತ್ತಾನೆ ಎಂದು ಯೋಚಿಸಿ ನೋಡಿ. ಉತ್ತರ ಮುಗಿಯುವವರೆಗೆ ಕಾಯುತ್ತಾನೆ, ಅದರಿಂದಲೇ ಇನ್ನೊಂದು ಪ್ರಶ್ನೆ ಎತ್ತುತ್ತಾನೆ, ಅವಳ ಸಣ್ಣ ತಮಾಷೆಗೂ ನಗುತ್ತಾನೆ. ಅಂಥವನೊಡನೆ ಸಂಕೋಚದ ಹುಡುಗಿಯೂ ಬಾಯಿಬಿಡುತ್ತಾಳೆ. ಹೂಂ, ಹಾಂ ಎಂದು ಬಿಗಿದುಕೊಂಡು ಕೂತವನೊಡನೆ ಮಾತುಗಾತಿಯೂ ಎರಡು ವಾಕ್ಯಕ್ಕೆ ಸುಮ್ಮನಾಗುತ್ತಾಳೆ. ಮಾತು ಮುಗಿದ ಮೇಲೆ ಇಬ್ಬರು ಹುಡುಗರಿಗೂ ತಾವು ನಿರೀಕ್ಷಿಸಿದ್ದೇ ಸರಿ ಅನ್ನಿಸುತ್ತದೆ. ಆ ಗುಣವನ್ನು ಹೊರಗೆಳೆದದ್ದೋ ಅದುಮಿದ್ದೋ ತಮ್ಮದೇ ನಡವಳಿಕೆ ಎಂಬುದು ಅವರಿಗೆ ಕಾಣುವುದೇ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು, ಮೊದಲು ಬದಲಾದದ್ದು ಹುಡುಗಿಯ ಆತ್ಮವಿಶ್ವಾಸವಲ್ಲ, ಎದುರಿನವನ ನಡವಳಿಕೆ. ತನ್ನನ್ನು ಚೆಲುವೆ ಎಂದು ಭಾವಿಸಲಾಗಿದೆ ಎಂಬುದೇ ತಿಳಿಯದೆ ಅವಳು ಹತ್ತು ನಿಮಿಷದೊಳಗೆ ಅರಳಿದಳು. ಇಂಥದ್ದು ಬಾಲ್ಯದಿಂದ ಸಾವಿರಾರು ಸಲ ನಡೆದಾಗ ಅದು ರೂಢಿಯಾಗಿ, ಸಲೀಸಾದ ಮಾತಾಗಿ, ಆತ್ಮವಿಶ್ವಾಸವಾಗಿ ನೆಲೆಯೂರುತ್ತದೆ ಎಂದು ಭಾವಿಸುವುದು ಸಮಂಜಸ. ಆದರೆ ಹತ್ತು ನಿಮಿಷದ ಪ್ರಯೋಗ ಅಷ್ಟನ್ನೂ ಸಾಬೀತುಪಡಿಸುವುದಿಲ್ಲ.

ಹಾಗಾದರೆ ಕನ್ನಡಿಯ ಮುಂದೆ ನಿಂತು ನಾನು ಚೆನ್ನಾಗಿದ್ದೇನೆ ಎಂದುಕೊಂಡರೆ ಸಾಲದೇ? ನನ್ನ ಮಟ್ಟಿಗೆ ಈ ಸಲಹೆ ಅಷ್ಟೇನೂ ಹಿಡಿಸಿಲ್ಲ, ಏಕೆಂದರೆ ನಮ್ಮ ಬಗ್ಗೆ ನಾವು ನಂಬಿದ್ದು ಎದುರಿನವರನ್ನು ಬದಲಿಸದೆ, ನಾವು ಅವರನ್ನು ಕಾಣುವ ರೀತಿಯನ್ನಷ್ಟೇ ಬದಲಿಸಬಹುದು. ರಾಬರ್ಟ್ ಕ್ಲೆಕ್ ಮತ್ತು ಏಂಜೆಲೊ ಸ್ಟ್ರೆಂಟಾ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವರ ಮುಖದ ಮೇಲೆ ಬಣ್ಣದಿಂದ ಗಾಯದ ಕಲೆ ಬರೆದು ಕನ್ನಡಿಯಲ್ಲಿ ತೋರಿಸಿ, ಅದು ಒಣಗಿ ಬಿರಿಯದಿರಲೆಂದು ಕ್ರೀಮು ಹಚ್ಚುವ ನೆಪದಲ್ಲಿ ಅವರಿಗೆ ತಿಳಿಯದಂತೆ ಅಳಿಸಿಬಿಟ್ಟರು. ಕಲೆಯೇ ಇಲ್ಲದಿದ್ದರೂ, ಮಾತನಾಡಿದ ವ್ಯಕ್ತಿ ತಮ್ಮ ಮುಖ ಕಂಡು ಬಿಗುವಾಗಿ ವರ್ತಿಸಿದರು ಎಂದು ಇವರು ದೂರಿದರು. ಆದ್ದರಿಂದ ನಿಮ್ಮನ್ನು ಯಾರೋ ಕಡೆಗಣಿಸಿದರು ಅನ್ನಿಸಿದಾಗ ಕಾರಣ ರೂಪವೇ ಎಂದು ತಟ್ಟನೆ ತೀರ್ಮಾನಿಸುವಂತಿಲ್ಲ.

ಈ ಪರಿಣಾಮಕ್ಕೆ ಗಡಿಯೂ ಇದೆ. ಆವರೆಗಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಲನ್ ಫೈನ್‌ಗೋಲ್ಡ್ 1992ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ಚೆಲುವರು ಒಂಟಿತನ ಮತ್ತು ಜನರೆದುರಿನ ಆತಂಕವನ್ನು ಕಡಿಮೆ ಅನುಭವಿಸುವವರಾಗಿ, ಜನರೊಡನೆ ಬೆರೆಯುವುದರಲ್ಲಿ ಹೆಚ್ಚು ನುರಿತವರಾಗಿ ಕಂಡುಬಂದರು. ಬುದ್ಧಿಶಕ್ತಿಯಲ್ಲಾಗಲಿ ಸ್ವಭಾವದ ಇತರ ಅನೇಕ ಗುಣಗಳಲ್ಲಾಗಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಜನರ ನಡವಳಿಕೆ ನೇರವಾಗಿ ತಟ್ಟುವಲ್ಲೇ ವ್ಯತ್ಯಾಸ ಕಂಡಿದೆ ಎಂಬುದು ಮೇಲಿನ ವಿವರಣೆಗೆ ಹೊಂದುತ್ತದೆ.

ಮೆಚ್ಚುಗೆ ಸಿಕ್ಕಷ್ಟೂ ಚೆಲುವರ ಆತ್ಮವಿಶ್ವಾಸ ಏರುತ್ತಲೇ ಹೋಗುತ್ತದೆ ಎಂದೂ ಹೇಳಲಾಗದು. 1984ರ ಒಂದು ಅಧ್ಯಯನದಲ್ಲಿ ಭಾಗವಹಿಸಿದವರೆಲ್ಲರ ಬರಹಕ್ಕೂ ಒಳ್ಳೆಯ ಅಭಿಪ್ರಾಯವನ್ನೇ ಕೊಡಲಾಯಿತು. ಓದಿದವರು ತಮ್ಮನ್ನು ನೋಡಿದ್ದಾರೆ ಎಂದು ತಿಳಿದಿದ್ದಾಗ, ಆಕರ್ಷಕರಾದವರು ಆ ಹೊಗಳಿಕೆಯನ್ನು ಬರಹದ ಗುಣಕ್ಕೆ ಸಲ್ಲಿಸಲು ಹಿಂಜರಿದರು. ನೋಡಿಲ್ಲ ಎಂದು ತಿಳಿದಾಗ ಮಾತ್ರ ಅದು ತಮ್ಮ ಬರಹಕ್ಕೇ ಸಂದದ್ದೆಂದು ಒಪ್ಪಿದರು.