ತಾತಯ್ಯನವರ ಪದಕ್ಕೆ ಯಾವ ಹ್ಯಾಶ್‌ಟ್ಯಾಗ್?

ಚಿಂತಾಮಣಿ ಕಡೆಯ ಒಂದು ಭಜನೆ ಮಂಡಳಿಯ ಯೂಟ್ಯೂಬ್ ಚಾನೆಲನ್ನು ನೋಡಿಕೊಡಬೇಕೆಂದು ಹಾರ್ಮೋನಿಯಂ ನುಡಿಸುವ ಹಿರಿಯರ ಮಗ ನನ್ನ ಬಳಿ ಬಂದಿದ್ದ. ಶನಿವಾರ ರಾತ್ರಿ ಗುಡಿಯ ಮುಂದೆ ಕೂತು ಹಾಡುವುದನ್ನು ಫೋನಿನಲ್ಲಿ ಹಿಡಿದು ಹಾಕುವವನು ಅವನೇ. "ಅಣ್ಣಾ, ವಿಡಿಯೊ ಕಣ್ಣಿಗೆ ಬೀಳೋದು ಬೀಳತ್ತೆ, ಆದ್ರೆ ಯಾರೂ ನಿಲ್ಲಲ್ಲ" ಅಂದ. ತೋರಿಸಿದ್ದು ಸಂತಕವಿ ಕೈವಾರ ತಾತಯ್ಯನವರ ಒಂದು ತೆಲುಗು ತತ್ವಪದ. ಗಟ್ಟಿ ದನಿ, ಕೆಡದ ತಾಳ, ಪಲ್ಲವಿಗೆ ಇಡೀ ಊರೇ ದನಿಗೂಡಿಸುತ್ತದೆ. ಹಾಡಿನಲ್ಲಿ ಕೊರತೆ ಇರಲಿಲ್ಲ.

ಡಿಸ್ಕ್ರಿಪ್ಷನ್ ತೆರೆದೆ. ಇಪ್ಪತ್ತೆರಡು ಹ್ಯಾಶ್‌ಟ್ಯಾಗ್ ಇದ್ದವು. #viral, #trending, #bhakti, #devotional, #shiva, #ayyappa, ಜೊತೆಗೆ ಇಬ್ಬರು ಸಿನಿಮಾ ಗಾಯಕರ ಹೆಸರು. ಬೇರೆ ವಿಡಿಯೊ ತೆರೆದರೂ ಅದೇ ಇಪ್ಪತ್ತೆರಡು, ಅದೇ ಸಾಲು. ಸ್ಟುಡಿಯೊ ಸೆಟ್ಟಿಂಗ್ಸ್‌ನ Upload defaults ಎಂಬಲ್ಲಿ ಯಾವತ್ತೋ ಒಮ್ಮೆ ಅಂಟಿಸಿಟ್ಟಿದ್ದ. ಅಂದಿನಿಂದ ಪ್ರತಿ ಹಾಡಿಗೂ ಅದು ತಾನಾಗಿ ಸೇರುತ್ತಿತ್ತು. ದಾಸರ ಪದಕ್ಕೂ ಅಯ್ಯಪ್ಪ, ತಾತಯ್ಯನವರ ಪದಕ್ಕೂ ಅಯ್ಯಪ್ಪ. ಭಜನೆ ಚಾನೆಲ್‌ಗಳಲ್ಲಿ ನಾನು ಹೆಚ್ಚಾಗಿ ನೋಡುವ ತಪ್ಪು ಇದು.

ಇದರಿಂದ ಆಗುವ ಕೆಡುಕು ಎರಡು ಬಗೆಯದು. ಹಾಡಿಗೆ ಸಂಬಂಧವಿಲ್ಲದ ಹ್ಯಾಶ್‌ಟ್ಯಾಗ್ ಹಾಕುವುದು ಯೂಟ್ಯೂಬ್ ನಿಯಮಕ್ಕೇ ವಿರುದ್ಧ, ವಿಡಿಯೊ ತೆಗೆದುಹಾಕಲೂ ಅದು ಕಾರಣವಾಗಬಹುದು. ಅರವತ್ತಕ್ಕಿಂತ ಹೆಚ್ಚು ಹಾಕಿದರೆ ಆ ವಿಡಿಯೊದ ಎಲ್ಲ ಹ್ಯಾಶ್‌ಟ್ಯಾಗ್‌ಗಳನ್ನೂ ಯೂಟ್ಯೂಬ್ ಕಡೆಗಣಿಸುತ್ತದೆ. ಇನ್ನೊಂದು ಕೆಡುಕು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಡಿಸ್ಕ್ರಿಪ್ಷನ್‌ನ ಹ್ಯಾಶ್‌ಟ್ಯಾಗ್‌ಗಳಲ್ಲಿ ಮೂರರವರೆಗೆ ಟೈಟಲ್ ಪಕ್ಕದಲ್ಲೇ ಕಾಣುತ್ತವೆ, ಅವನ್ನು ಒತ್ತಬಹುದು. ಅಲ್ಲಿ #bhakti ಎಂದಿದ್ದರೆ, ಒತ್ತಿದವರು ದೊಡ್ಡ ಕಂಪನಿಗಳ ಸಾವಿರಾರು ಹಾಡುಗಳ ನಡುವೆ ಹೋಗಿ ಬೀಳುತ್ತಾರೆ. ಮನೆಗೆ ಬಂದ ನೆಂಟರಿಗೆ ನಾವೇ ಹಿತ್ತಿಲ ಬಾಗಿಲು ತೆರೆದುಕೊಟ್ಟಂತೆ.

ಹಾಗೆಂದು ವಿಶಾಲ ಅರ್ಥದ ಹ್ಯಾಶ್‌ಟ್ಯಾಗೇ ಬೇಡವೆಂದಲ್ಲ. ಪದವೊಂದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎನ್ನುವುದಕ್ಕೆ ನಾನು ಮಾಡುವ ಪರೀಕ್ಷೆ ಇಷ್ಟೇ: ಹ್ಯಾಶ್‌ಟ್ಯಾಗನ್ನು ಸರ್ಚ್‌ನಲ್ಲಿ ಹಾಕಿ ಅದರ ಪುಟ ತೆರೆಯುತ್ತೇನೆ. ಎಷ್ಟು ವಿಡಿಯೊ ಇವೆ ಎಂಬ ಸಂಖ್ಯೆಗೆ ಮೊದಲು ಬೆಲೆ ಕೊಡುವುದಿಲ್ಲ. ಮೊದಲ ಹತ್ತು ವಿಡಿಯೊ ನೋಡುತ್ತೇನೆ. ಅವುಗಳ ಸಾಲಿನಲ್ಲಿ ನಮ್ಮ ಹಾಡು ಕೂತರೆ ಒಗ್ಗುತ್ತದೆಯೇ, ಅವನ್ನು ಕೇಳುತ್ತಿರುವವರು ನಮ್ಮದನ್ನೂ ಕೇಳುತ್ತಾರೆಯೇ, ಸಣ್ಣ ಚಾನೆಲ್ ಒಂದಾದರೂ ಅಲ್ಲಿ ಇದೆಯೇ? ಮೂರಕ್ಕೂ ಇಲ್ಲ ಎಂದಾದರೆ ಆ ಪದ ಎಷ್ಟೇ ದೊಡ್ಡದಾಗಿದ್ದರೂ ನಮ್ಮದಲ್ಲ.

ಈ ಪರೀಕ್ಷೆ ಎಷ್ಟು ಬೇಕು ಎನ್ನುವುದಕ್ಕೆ ತಾತಯ್ಯನವರ ಹಾಡೇ ಉದಾಹರಣೆ. ಅವರ ಕಾಲಜ್ಞಾನ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಹುಡುಗ ಉತ್ಸಾಹದಿಂದ "#kalagnanam ಹಾಕೋಣ, ತುಂಬಾ ಜನ ಹುಡುಕ್ತಾರೆ" ಅಂದ. ಹುಡುಕುತ್ತಾರೆ, ನಿಜ. ಆದರೆ ಆ ಪದಕ್ಕೆ ತೆಲುಗು ನಾಡಿನಲ್ಲಿ ಹೆಸರಾದವರು ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳು. ಅವರ ಭವಿಷ್ಯವಾಣಿ ಕೇಳಲು ಬಂದವರಿಗೆ ನಮ್ಮ ತತ್ವಪದ ಬೇಕಿರುವುದಿಲ್ಲ. ಅರ್ಥ ಹತ್ತಿರದ್ದಾದರೂ ಕೇಳುಗರು ಬೇರೆ. ಅದನ್ನು ಬಿಟ್ಟೆವು.

ತೆಲುಗಿನ ಪ್ರಶ್ನೆಯನ್ನು ಮಾತ್ರ ಬಿಡುವ ಹಾಗಿರಲಿಲ್ಲ. ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಕೋಲಾರ, ಚಿಕ್ಕಬಳ್ಳಾಪುರದ ಮಂಡಳಿಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹಾಡುತ್ತವೆ. ಯೂಟ್ಯೂಬ್‌ಗೆ ಇದು ತಿಳಿಯಬೇಕಾದರೆ ನಾವೇ ಹೇಳಬೇಕು. ಹಾಗಾಗಿ ತೆಲುಗು ಪದದ ವಿಡಿಯೊಗೆ ಭಾಷೆ ತೆಲುಗು ಎಂದು ಸೆಟ್ಟಿಂಗ್‌ನಲ್ಲಿ ಬದಲಿಸಿ, ಪಲ್ಲವಿಯ ಮೊದಲ ಸಾಲನ್ನು ಡಿಸ್ಕ್ರಿಪ್ಷನ್‌ನಲ್ಲಿ ಎರಡೂ ಲಿಪಿಯಲ್ಲಿ ಬರೆದು, ತೆಲುಗಿನವರಿಗಾಗಿ ಒಂದೇ ಒಂದು ಹ್ಯಾಶ್‌ಟ್ಯಾಗ್ ಇಟ್ಟೆವು. ಕನ್ನಡ ಪದದ ವಿಡಿಯೊಗಳಿಂದ ಅದನ್ನು ತೆಗೆದೆವು.

ಆಮೇಲೆ ಹೆಸರಿನ ಕಾಗುಣಿತ. ನಮ್ಮ ಜನ ಕನ್ನಡ ಹಾಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಾರೆ, ಒಬ್ಬೊಬ್ಬರದು ಒಂದೊಂದು ರೀತಿ. kaivara ಎಂದು ಕೆಲವರು, kaiwara ಎಂದು ಕೆಲವರು. tatayya, thathaiah ಎರಡೂ ಇವೆ. ಅಧಿಕೃತವಾಗಿ ಕರೆಯುವಾಗ ಯೋಗಿ ನಾರೇಯಣ ಯತೀಂದ್ರರು. ಹ್ಯಾಶ್‌ಟ್ಯಾಗ್‌ಗೆ ಪ್ರತಿ ಕಾಗುಣಿತವೂ ಬೇರೆ ಪುಟ. ಎಲ್ಲವನ್ನೂ ಹಾಕಲು ಹೋದರೆ ಮತ್ತೆ ಇಪ್ಪತ್ತೆರಡಾಗುತ್ತದೆ. Analytics ಒಳಗೆ YouTube search ಒತ್ತಿದರೆ ಜನ ಏನು ಟೈಪ್ ಮಾಡಿ ನಮ್ಮಲ್ಲಿಗೆ ಬಂದರು ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ಮೇಲಿರುವ ಕಾಗುಣಿತಕ್ಕೆ ಹ್ಯಾಶ್‌ಟ್ಯಾಗ್ ಕೊಡಿ. ಉಳಿದವು ಡಿಸ್ಕ್ರಿಪ್ಷನ್‌ನ ವಾಕ್ಯಗಳಲ್ಲಿ ಒಮ್ಮೊಮ್ಮೆ ಬಂದರೆ ಸಾಕು.

ಕನ್ನಡ ಲಿಪಿಯಲ್ಲಿ ಬರೆಯುವಾಗ ಎರಡು ಎಚ್ಚರ ಬೇಕು. "#ಕೈವಾರ ತಾತಯ್ಯ" ಎಂದು ನಡುವೆ ಜಾಗ ಬಿಟ್ಟರೆ ಹ್ಯಾಶ್‌ಟ್ಯಾಗ್ ಕೈವಾರಕ್ಕೇ ನಿಂತುಬಿಡುತ್ತದೆ. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ, ವಾಕ್ಯದ ನಡುವೆ #ಕೈವಾರತಾತಯ್ಯನವರ ಎಂದು ಬರೆದರೆ ಅದು #ಕೈವಾರತಾತಯ್ಯ ಅಲ್ಲ, ಯಾರೂ ಹುಡುಕದ ಹೊಸ ಪದ. ಆದ್ದರಿಂದ ವಾಕ್ಯದೊಳಗೆ ಹಾಕದೆ, ಕೊನೆಯ ಸಾಲಿನಲ್ಲಿ ಪ್ರತ್ಯಯವಿಲ್ಲದೆ ಬರೆಯಿರಿ. ಪ್ರಕಟಿಸಿದ ಮೇಲೆ ಒಂದೊಂದನ್ನೂ ಒತ್ತಿ, ಪೂರ್ತಿ ಪದ ತೆರೆಯುತ್ತದೆಯೇ ನೋಡಿ.

ಕೊನೆಗೆ ಆ ವಿಡಿಯೊಗೆ ಉಳಿದದ್ದು ಇವು:

```
#ಕೈವಾರತಾತಯ್ಯ #kaivaratatayya #ತತ್ವಪದ
#kannadabhajane #telugubhajana
```

ಇವಲ್ಲದೆ ಮಂಡಳಿಯ ಹೆಸರಿನದೊಂದು, ಒಟ್ಟು ಆರು. ಮೊದಲ ಮೂರು ಹಾಡಿನದೇ ಗುರುತು. ಆಮೇಲಿನ ಎರಡು ಸ್ವಲ್ಪ ವಿಶಾಲ ಅರ್ಥದವು, ತಾತಯ್ಯನವರ ಹೆಸರು ಕೇಳಿರದ ಭಜನೆಪ್ರಿಯರಿಗಾಗಿ. ಮಂಡಳಿಯ ಹೆಸರು ಹೊಸಬರನ್ನು ಕರೆತರುವುದಿಲ್ಲ, ಆದರೆ ಒತ್ತಿದವರಿಗೆ ಮಂಡಳಿಯ ಬೇರೆ ಹಾಡುಗಳು ಒಂದೆಡೆ ಸಿಗುತ್ತವೆ. ಮೊದಲೇ ಬೇರೆ ಯಾರೂ ಆ ಹೆಸರು ಬಳಸುತ್ತಿಲ್ಲವೆಂದು ನೋಡಿಕೊಂಡೆವು. Upload defaults ಒಳಗೆ ಈಗ ಉಳಿದಿರುವುದು ಅದೊಂದೇ. ಮಿಕ್ಕದ್ದನ್ನು ಹಾಡು ನೋಡಿ ಪ್ರತಿ ಸಲ ಕೈಯಲ್ಲೇ ಬರೆಯಬೇಕು.

ಫಲ ತಿಳಿಯಲು ಸಹನೆ ಬೇಕು. ವಿಡಿಯೊ ಎಲ್ಲಿಂದ ನೋಡಿದರು ಎಂಬ ಪಟ್ಟಿಯಲ್ಲಿ Hashtag pages ಎಂಬ ಸಾಲು ಬೇರೆಯೇ ಇದೆ. ಸಣ್ಣ ಚಾನೆಲ್‌ಗಳಲ್ಲಿ ಅದು ಯಾವಾಗಲೂ ತೆಳ್ಳಗೇ ಇರುತ್ತದೆ. ಹೆಚ್ಚಿನ ಕೇಳುಗರು ಬರುವುದು ಸರ್ಚ್‌ನಿಂದ, ಯೂಟ್ಯೂಬ್ ತಾನಾಗಿ ತೋರಿಸುವುದರಿಂದ, ವಾಟ್ಸಾಪ್ ಗುಂಪುಗಳಿಂದ. ಹ್ಯಾಶ್‌ಟ್ಯಾಗ್ ಬದಲಿಸಿದ ಮಾತ್ರಕ್ಕೆ ಚಾನೆಲ್ ಬೆಳೆಯುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ. ನಾನು ನೋಡುವುದು ಆ ಸಾಲಿನಿಂದ ಬಂದವರು ಸರಾಸರಿ ಎಷ್ಟು ಹೊತ್ತು ಕೇಳಿದರು ಎಂಬುದನ್ನು. ಶ್ರುತಿ ಹಿಡಿಯುವುದರೊಳಗೇ ಎದ್ದು ಹೋಗುತ್ತಿದ್ದರೆ ಹ್ಯಾಶ್‌ಟ್ಯಾಗ್ ತಪ್ಪು. ಎರಡನೇ ಚರಣದವರೆಗೆ ಇದ್ದರೆ, ಬಂದವರು ಹತ್ತೇ ಮಂದಿಯಾದರೂ ಹ್ಯಾಶ್‌ಟ್ಯಾಗ್ ಸರಿ. ಒಂದು ವಿಡಿಯೊದಿಂದ ತೀರ್ಮಾನಿಸಬೇಡಿ, ಹತ್ತು ವಿಡಿಯೊ ಒಟ್ಟಿಗೆ ನೋಡಿ. ಅಲ್ಲಿಯವರೆಗೆ ಟೈಟಲ್, ಥಂಬ್‌ನೇಲ್ ಮುಟ್ಟಬೇಡಿ, ಮುಟ್ಟಿದರೆ ಬದಲಾವಣೆ ಯಾವುದರಿಂದ ಆಯಿತೆಂದು ಗೊತ್ತಾಗುವುದಿಲ್ಲ.

ಗುರುಪೂರ್ಣಿಮೆಗೆ ಕೈವಾರದಲ್ಲಿ ಸಂಗೀತೋತ್ಸವ ನಡೆಯುತ್ತದೆ. ಈ ಮಂಡಳಿಯೂ ಅಂದು ಹಾಡಿ ವಿಡಿಯೊ ಹಾಕಲಿದೆ. ಆ ವಿಡಿಯೊಗಳಿಗೆ ಮಾತ್ರ #gurupurnima ಸೇರಿಸು, #kannadabhajane ತೆಗೆದು ಆರಕ್ಕೇ ನಿಲ್ಲಿಸು, ಹಳೆಯ ವಿಡಿಯೊಗಳಿಗೆ ಅಂಟಿಸಬೇಡ ಎಂದು ಹುಡುಗನಿಗೆ ಬರೆದುಕೊಟ್ಟಿದ್ದೇನೆ.